ತುಟಿಗೆ ಹೊಂದಿಸುವುದೋ, ಉದ್ದಕ್ಕೆ ಹೊಂದಿಸುವುದೋ?

ಕಾಫಿಯ ಬಿಳಿ ಕಾಂಡಕೊರಕ ಕೀಟದ ಬಗ್ಗೆ ಇಂಗ್ಲಿಷ್ ತರಬೇತಿ ವಿಡಿಯೊವೊಂದನ್ನು ಚಿಕ್ಕಮಗಳೂರಿನ ಬೆಳೆಗಾರರಿಗಾಗಿ ಡಬ್ ಮಾಡುವವರ ಮುಂದೆ ಎರಡು ದಾರಿಗಳಿವೆ: ಕನ್ನಡದ ಮಾತನ್ನು ಮೂಲ ಮಾತಿನ ಉದ್ದಕ್ಕೆ ಮಾತ್ರ ಹೊಂದಿಸುವುದು, ಇಲ್ಲವೇ ಮಾತಾಡುವವರ ತುಟಿಯ ಚಲನೆಗೂ ಹೊಂದಿಸುವುದು. ತಜ್ಞರು ಮೂರು ಸೆಕೆಂಡಿನಲ್ಲಿ ‘ಪುಲ್ ಔಟ್ ದಿ ಇನ್‌ಫೆಸ್ಟೆಡ್ ಪ್ಲಾಂಟ್ಸ್ ಬಿಫೋರ್ ಏಪ್ರಿಲ್’ ಎನ್ನುತ್ತಾರೆ ಎಂದುಕೊಳ್ಳಿ. ‘ಏಪ್ರಿಲ್ ತಿಂಗಳು ಆರಂಭವಾಗುವುದಕ್ಕೆ ಮೊದಲು ಕಾಂಡಕೊರಕ ಬಾಧಿತ ಗಿಡಗಳನ್ನು ಕಿತ್ತುಹಾಕಬೇಕು’ ಎಂಬ ಅನುವಾದ ಸರಿಯೇ, ಆದರೆ ಸುಮಾರು 35 ಅಕ್ಷರ. ಅಷ್ಟನ್ನು ಮೂರು ಸೆಕೆಂಡಿಗೆ ತುರುಕಿದರೆ ಕಲಾವಿದ ಉಸಿರುಗಟ್ಟುತ್ತಾನೆ.

ಉದ್ದಕ್ಕೆ ಮಾತ್ರ ಹೊಂದಿಸುವುದಾದರೆ: ‘ಏಪ್ರಿಲ್‌ಗೆ ಮೊದಲು ಹುಳು ಬಿದ್ದ ಗಿಡ ಕಿತ್ತುಹಾಕಿ.’ ಸುಮಾರು 16 ಅಕ್ಷರ. ಬಾಯಿ ತೆರೆದಾಗ ಮಾತು ಆರಂಭ, ಮುಚ್ಚಿದಾಗ ಮುಕ್ತಾಯ. ಕೀಟದ ಹೆಸರನ್ನು ಬಿಟ್ಟಿದ್ದರಿಂದ ನಷ್ಟವಿಲ್ಲ, ಹಿಂದಿನ ವಾಕ್ಯದಲ್ಲೇ ಅದು ಬಂದಿರಬೇಕು.

ತುಟಿಗೇ ಹೊಂದಿಸುವುದು ಬೇರೆ ಕೆಲಸ. ಪ, ಬ, ಮ ಉಚ್ಚರಿಸುವಾಗ ತುಟಿ ಮುಚ್ಚುತ್ತದೆ, ನೋಡುಗರ ಕಣ್ಣು ಹಿಡಿಯುವುದು ಅದನ್ನೇ. ಇಂಗ್ಲಿಷಿನಲ್ಲಿ ಮೊದಲಿಗೆ, ನಡುವೆ, ಕೊನೆಗೆ ಹೀಗೆ ಮುಚ್ಚುವ ತಾಣಗಳಿವೆ. ‘ಪೂರ್ತಿ ಕೀಳಿ ಹುಳು ಬಿದ್ದ ಗಿಡ, ಏಪ್ರಿಲ್ ಒಳಗೆ’ ಎಂದರೆ ಅವು ಬಹುಪಾಲು ಕೂಡಿಬರುತ್ತವೆ. ಆದರೂ ‘ಒಳಗೆ’ ಹೇಳುವಷ್ಟರಲ್ಲಿ ತಜ್ಞರ ಬಾಯಿ ನಿಂತಿರುತ್ತದೆ, ಕ್ರಿಯಾಪದ ಮೊದಲು ಬಂದದ್ದರಿಂದ ಮಾತು ನಾಟಕದ ಸಂಭಾಷಣೆಯಂತೆ ಕೇಳುತ್ತದೆ. ಅದು ನನಗೆ ಹಿಡಿಸದು.

ಮುಖ ತೆರೆಯನ್ನು ತುಂಬಿರುವ ಸಮೀಪದ ಶಾಟ್‌ಗಳಿಗಷ್ಟೇ ತುಟಿಯ ಲೆಕ್ಕ ಹಾಕಿ. ಕೈ, ಕಾಂಡ, ತೋಟ ಕಾಣುವ ಕಡೆ ಉದ್ದ ಸಾಕು. ಸಂಶಯವಿದ್ದರೆ ಧ್ವನಿ ಮುಚ್ಚಿ ದೃಶ್ಯ ನೋಡುತ್ತಾ ಕನ್ನಡ ಸಾಲನ್ನು ಗಟ್ಟಿಯಾಗಿ ಓದಿ: ತೆರೆದ ಬಾಯಿಯ ಮೇಲೆ ಮೌನ ಬಿದ್ದರೆ ಅಲ್ಲಿ ತಿದ್ದಬೇಕು.