q14 ಅಂತ ಹೆಸರಿಡೋದಾ, wat_fee_30d ಅಂತಾನಾ? ಒಂದೇ ಸರ್ವೆ ಡೇಟಾ ಮೇಲೆ ಮೂರು ಪದ್ಧತಿ ಹಾಕಿ ನೋಡಿದ್ದು

ಸರ್ವೆ ಮುಗಿಸಿ ರಿಪೋರ್ಟ್ ಕೊಟ್ಟಮೇಲೆ ಡೇಟಾ ಫೈಲು ಇನ್ನೊಬ್ಬರ ಕೈಗೆ ಹೋಗುತ್ತೆ. ಅವರು ಫೀಲ್ಡಿಗೆ ಬಂದಿರಲ್ಲ, ಪ್ರಶ್ನಾವಳಿ ನೋಡಿರಲ್ಲ, ಅವರ ಹತ್ರ ಇರೋದು ಆ ಫೈಲು ಮತ್ತೆ ಯಾವ ಕಾಲಂ ಅಂದ್ರೆ ಏನು ಅಂತ ನಾವು ಬರೆದಿಟ್ಟ ಕೋಡ್‌ಬುಕ್ ಅಷ್ಟೆ. ತುಮಕೂರು ಕಡೆ ಕುಡಿಯೋ ನೀರಿನ ಬಗ್ಗೆ ಎರಡು ರೌಂಡ್ ಮಾಡಿದ ಮನೆ ಸರ್ವೆ ಒಂದು ನನ್ನ ಹತ್ರ ಇತ್ತು, ಅದೇ ಡೇಟಾದ ಕಾಲಂಗಳಿಗೆ, ಅಂದ್ರೆ ವೇರಿಯಬಲ್‌ಗಳಿಗೆ, ಮೂರು ಥರ ಹೆಸರಿಟ್ಟು ಬೇರೆ ಬೇರೆ ಸಹೋದ್ಯೋಗಿಗಳಿಗೆ ಕೊಟ್ಟು, ನನ್ನನ್ನ ಏನೂ ಕೇಳದೆ ಒಂದು ಟೇಬಲ್ ಮಾಡಿಕೊಡಿ ಅಂದೆ. ಯಾರು ಎಲ್ಲಿ ನಿಂತ್ರು ಅಂತ ನೋಡಿದ್ರೆ ಯಾವ ಪದ್ಧತಿ ಎಲ್ಲಿ ಕೈಕೊಡುತ್ತೆ ಅಂತ ಗೊತ್ತಾಗಿಬಿಡುತ್ತೆ.

ಮೊದಲನೇದು ಪ್ರಶ್ನೆ ನಂಬರನ್ನೇ ಹೆಸರು ಮಾಡೋದು, q14, q14a, q15 ಹೀಗೆ. ಪೇಪರ್ ಪ್ರಶ್ನಾವಳಿ ಪಕ್ಕದಲ್ಲಿದ್ರೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ, 14ನೇ ಪ್ರಶ್ನೆ ನೋಡು, q14 ನೋಡು, ಮುಗೀತು. ಡೇಟಾ ಎಂಟ್ರಿ ಮಾಡೋರಿಗೂ ಇದೇ ಇಷ್ಟ. ಮೊದಲ ರೌಂಡಲ್ಲಿ ಏನೂ ತೊಂದರೆ ಬರಲ್ಲ. ಎರಡನೇ ರೌಂಡಿಗೆ ಶುದ್ಧ ನೀರಿನ ಘಟಕದ ಬಗ್ಗೆ ಒಂದು ಪ್ರಶ್ನೆ ಮಧ್ಯದಲ್ಲಿ ಸೇರಿಸಿದ್ವಿ ನೋಡಿ, ಅಲ್ಲಿಂದ ಕೆಳಗಿರೋ ಎಲ್ಲಾ ನಂಬರೂ ಒಂದೊಂದು ಮುಂದೆ ಹೋದ್ವು. ಮೊದಲ ರೌಂಡಲ್ಲಿ q14 ಅಂದ್ರೆ ನಲ್ಲಿ ನೀರಿಗೆ ತಿಂಗಳಿಗೆ ಕೊಟ್ಟ ದುಡ್ಡು, ಎರಡನೇ ರೌಂಡಲ್ಲಿ q14 ಅಂದ್ರೆ ಘಟಕದಿಂದ ತಂದ ಕ್ಯಾನಿಗೆ ತಿಂಗಳಲ್ಲಿ ಆದ ಖರ್ಚು. ಎರಡೂ ರೂಪಾಯಿ, ಎರಡೂ ನೂರರ ಆಸುಪಾಸು, ಹಾಗಾಗಿ ಎರಡು ಫೈಲನ್ನ ಒಂದರ ಕೆಳಗೊಂದು ಸೇರಿಸಿದಾಗ ಸಾಫ್ಟ್‌ವೇರ್ ಯಾವ ಎರರೂ ಕೊಡಲ್ಲ, ನೀರಿನ ದರ ಏರಿದೆ ಅಂತ ಗ್ರಾಫ್ ಬರುತ್ತೆ, ನೋಡೋರು ನಂಬಿಬಿಡ್ತಾರೆ. ಈ ಪದ್ಧತಿ ಅಪಾಯಕಾರಿ ಅಂತ ನಾನು ಹೇಳೋದು ಇದೇ ಕಾರಣಕ್ಕೆ, ತಪ್ಪು ಸದ್ದಿಲ್ಲದೆ ಒಳಗೆ ಬರುತ್ತೆ.

ಇಲ್ಲಿ ಕೆಲವರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದ್ರೆ ಎನ್‌ಎಫ್‌ಎಚ್‌ಎಸ್ ಉದಾಹರಣೆ ಕೊಡ್ತಾರೆ, ಅಲ್ಲೂ `v012`, `v025` ಅಂತ ನಂಬರೇ ಇದೆಯಲ್ಲ, ಅದು ನಡೀತಿಲ್ವಾ ಅಂತ. ನಡೀತಿದೆ, ಆದ್ರೆ ಅದು ಪ್ರಶ್ನೆ ನಂಬರ್ ಅಲ್ಲ. ಆ ಸರ್ವೆಯ ಫೈಲುಗಳು ಡಿಎಚ್‌ಎಸ್ ಅನ್ನೋ ಅಂತರರಾಷ್ಟ್ರೀಯ ಚೌಕಟ್ಟಿನಲ್ಲಿ ತಯಾರಾದವು, ಅಲ್ಲಿ ಮಹಿಳೆಯರ ಫೈಲಲ್ಲಿ `v012` ಅಂದ್ರೆ ವಯಸ್ಸು, `v025` ಅಂದ್ರೆ ನಗರವೋ ಗ್ರಾಮವೋ ಅನ್ನೋದು, ಪ್ರಶ್ನಾವಳಿಯಲ್ಲಿ ಆ ಪ್ರಶ್ನೆ ಎಲ್ಲೇ ಇರಲಿ, ಯಾವ ದೇಶದ್ದೇ ಆಗಲಿ. ಒಂದು ದೇಶಕ್ಕೆ ಮಾತ್ರ ಸೇರಿದ ಪ್ರಶ್ನೆಗಳಿಗೆ `s` ಅಂತ ಶುರುವಾಗೋ ಬೇರೆ ಹೆಸರು. ಇದಕ್ಕೆಲ್ಲ ದೊಡ್ಡ ರೀಕೋಡ್ ಮ್ಯಾನ್ಯುವಲ್ ಇದೆ, ಅದನ್ನ ಕಾಯೋಕೇ ಒಂದು ತಂಡ ಬೇಕು. ಅದಿದ್ರೂ ಹೊಸಬರು `v005` ಅನ್ನೋ ಸ್ಯಾಂಪಲ್ ತೂಕದ ವೇರಿಯಬಲನ್ನ 10 ಲಕ್ಷದಿಂದ ಭಾಗಿಸಬೇಕು ಅನ್ನೋದು ಓದದೆ ಮುಂದೆ ಹೋಗ್ತಾರೆ, ಹೆಸರು ನೋಡಿದ್ರೆ ಅದು ತೂಕ ಅಂತಾನೇ ಗೊತ್ತಾಗಲ್ವಲ್ಲ. ಐದಾರು ಜನರ ನಮ್ಮ ತಂಡಕ್ಕೆ ಅಷ್ಟು ದೊಡ್ಡ ಮ್ಯಾನ್ಯುವಲ್ ಕಾಯೋ ಶಕ್ತಿ ಇಲ್ಲ.

ಎರಡನೇದು ಅರ್ಥ ಬರೋ ಹಾಗೆ ಮನಸ್ಸಿಗೆ ಬಂದ ಹೆಸರು ಇಡೋದು, `fee`, `watersource`, `hhsize`, `income` ಹೀಗೆ. ಓದೋಕೆ ಖುಷಿಯಾಗುತ್ತೆ, ಡೇಟಾ ಕೊಟ್ಟಾಗ ಸಹೋದ್ಯೋಗಿ ಕೋಡ್‌ಬುಕ್ ತೆಗೀದೇನೇ ಅರ್ಧ ಟೇಬಲ್ ಮಾಡಿಬಿಟ್ರು. ಆದ್ರೆ ನಿಂತಿದ್ದು ಎಲ್ಲಿ ಅಂದ್ರೆ, `fee` ಯಾವುದರ ಫೀ, ನಲ್ಲಿದೋ ಘಟಕದ್ದೋ? ತಿಂಗಳಿಗೋ ವರ್ಷಕ್ಕೋ? ಇಬ್ಬರು ಸೇರಿ ಹೆಸರಿಟ್ರೆ ಇನ್ನೂ ಕಷ್ಟ, ಒಬ್ಬರು `hhsize` ಅಂತಾರೆ, ಇನ್ನೊಬ್ಬರು `HH_members` ಅಂತಾರೆ, ನಾವು ಲೆಕ್ಕಕ್ಕೆ ಬಳಸೋ ಸ್ಟಾಟಾ ಮತ್ತೆ ಆರ್ ಸಾಫ್ಟ್‌ವೇರ್ ಎರಡಕ್ಕೂ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆನೇ. ಇನ್ನೂರು ಮುನ್ನೂರು ವೇರಿಯಬಲ್ ಇರೋ ಫೈಲಲ್ಲಿ ನೀರಿಗೆ ಸಂಬಂಧಪಟ್ಟದ್ದೆಲ್ಲಾ ಒಟ್ಟಿಗೆ ತೋರಿಸು ಅಂದ್ರೆ ತೋರಿಸೋಕೆ ದಾರಿಯೇ ಇಲ್ಲ.

ಮೂರನೇದು ನಾನೀಗ ಬಳಸ್ತಿರೋದು. ಹೆಸರನ್ನ ಮೂರು ತುಂಡು ಮಾಡೋದು, ಮುಂದೆ ವಿಭಾಗ, ಮಧ್ಯೆ ವಿಷಯ, ಕೊನೆಗೆ ಅವಧಿ ಅಥವಾ ಅಳತೆ. `wat_fee_30d` ಅಂದ್ರೆ ನೀರಿನ ವಿಭಾಗ, ನಲ್ಲಿ ಶುಲ್ಕ, ಕಳೆದ 30 ದಿನದ್ದು. `wat_can_30d` ಅಂದ್ರೆ ಘಟಕದ ಕ್ಯಾನಿನ ಖರ್ಚು. ಎಲ್ಲಾ ಚಿಕ್ಕ ಇಂಗ್ಲಿಷ್ ಅಕ್ಷರ, ಮಧ್ಯೆ ಅಂಡರ್‌ಸ್ಕೋರ್, ಸ್ಟಾಟಾದಲ್ಲಿ 32 ಅಕ್ಷರದ ಮಿತಿ ಇದೆ, ನಾನು ಅದರ ಅರ್ಧದೊಳಗೇ ಇಡ್ತೀನಿ. `wat_*` ಅಂತ ಟೈಪ್ ಮಾಡಿದ್ರೆ ನೀರಿನದ್ದೆಲ್ಲಾ ಒಂದೇ ಸಲ ಬರುತ್ತೆ. ಕೊನೆಯ ತುಂಡು ಯಾಕೆ ಬೇಕು ಅಂದ್ರೆ, ಅವಧಿ ಬದಲಾದ್ರೆ ಅದು ಬೇರೆ ವೇರಿಯಬಲ್ಲೇ. ರಾಷ್ಟ್ರೀಯ ಮಾದರಿ ಸಮೀಕ್ಷೆ ಎನ್‌ಎಸ್‌ಎಸ್‌ನ 55ನೇ ಸುತ್ತಲ್ಲಿ, ಅಂದ್ರೆ 1999-2000ರಲ್ಲಿ, ಊಟದ ಖರ್ಚನ್ನ 7 ದಿನಕ್ಕೂ 30 ದಿನಕ್ಕೂ ಎರಡೂ ಕೇಳಿದ್ರು, ಅದಾದಮೇಲೆ ಹಿಂದಿನ ಸುತ್ತಿನ ಬಡತನದ ಅಂದಾಜಿನ ಜೊತೆ ಹೋಲಿಸಬಹುದಾ ಬೇಡ್ವಾ ಅಂತ ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ಚರ್ಚೆನೇ ಆಯ್ತು. ಹೆಸರಲ್ಲೇ `_7d`, `_30d` ಇದ್ರೆ ಕನಿಷ್ಠ ಅರಿವಿಲ್ಲದೆ ಸೇರಿಸೋದು ತಪ್ಪುತ್ತೆ.

ಹಾಗಾದ್ರೆ ಪ್ರಶ್ನೆ ನಂಬರ್ ಎಲ್ಲಿ ಹೋಯ್ತು? ಕೋಡ್‌ಬುಕ್ಕಲ್ಲಿ ಒಂದೊಂದು ರೌಂಡಿಗೆ ಒಂದೊಂದು ಕಾಲಂ ಆಯ್ತು. `wat_fee_30d` ಮುಂದೆ ಮೊದಲ ರೌಂಡ್ 14, ಎರಡನೇ ರೌಂಡ್ 15 ಅಂತ ಇರುತ್ತೆ. ಪೇಪರಿಗೆ ವಾಪಸ್ ಹೋಗೋ ದಾರಿನೂ ಉಳೀತು, ಹೆಸರೂ ಅಲುಗಾಡಲಿಲ್ಲ.

ಒಂದಕ್ಕಿಂತ ಹೆಚ್ಚು ಉತ್ತರ ಇರೋ ಪ್ರಶ್ನೆಯಲ್ಲಿ ಮೂರನೇ ಪದ್ಧತಿ ಇನ್ನೂ ಮುಂದೆ. ಕುಡಿಯೋ ನೀರು ಎಲ್ಲಿಂದ ತರ್ತೀರಿ ಅಂತ ಕೇಳಿ ನಲ್ಲಿ, ಬೋರು, ಘಟಕ, ಟ್ಯಾಂಕರ್ ಅಂತ ಆಯ್ಕೆ ಕೊಟ್ಟಿದ್ದೀವಿ ಅಂದ್ಕೊಳ್ಳಿ. ಮೊಬೈಲ್ ಫಾರಂನಲ್ಲಿ ಆಯ್ಕೆಗಳಿಗೆ 1, 2, 3, 4 ಅಂತ ಕೋಡ್ ಕೊಟ್ಟಿದ್ರೆ ಡೇಟಾ ಇಳಿಸಿದಾಗ `water_3` ಥರದ ಕಾಲಂ ಬರುತ್ತೆ, ಮುಂದಿನ ರೌಂಡಲ್ಲಿ ಯಾರೋ ಪಟ್ಟಿ ಮಧ್ಯೆ ತೆರೆದ ಬಾವಿ ಸೇರಿಸಿ ಮತ್ತೆ ನಂಬರ್ ಹಾಕಿದ್ರೆ 3 ಅಂದ್ರೆ ಘಟಕ ಅಲ್ಲ, ಬಾವಿ. ಅದಕ್ಕೆ `wat_src_tap`, `wat_src_bore`, `wat_src_ro`, `wat_src_tanker` ಅಂತ ಆಯ್ಕೆಯ ಹೆಸರನ್ನೇ ಬಾಲಕ್ಕೆ ಕಟ್ಟೋದು. ಮೊಬೈಲ್ ಫಾರಂ ತಯಾರಿಸೋ ಎಕ್ಸೆಲ್ ಫೈಲನ್ನ, ಅಂದ್ರೆ ಎಕ್ಸ್‌ಎಲ್‌ಎಸ್‌ಫಾರಂ ಬರೆಯೋವಾಗಲೇ, ಪ್ರಶ್ನೆಗೆ `wat_src` ಅಂತ ಹೆಸರಿಟ್ಟು `tap`, `bore` ಥರದ ಬಾಲವನ್ನ `choices` ಶೀಟಿನ `name` ಕಾಲಂನಲ್ಲಿ ಹಾಕಿಬಿಟ್ರೆ ಆಮೇಲೆ ಹೆಸರು ಬದಲಾಯಿಸೋ ಕೆಲಸ ಬಹಳ ಕಮ್ಮಿ.

ಇನ್ನು ಕೋಡ್‌ಬುಕ್. ವರ್ಡ್ ಫೈಲಲ್ಲಿ ಚಂದವಾಗಿ ಬರೆದಿಡೋದು ಒಂದು, ಸ್ಟಾಟಾ ಫೈಲಿನೊಳಗೇ ಲೇಬಲ್ ಅಂಟಿಸೋದು ಇನ್ನೊಂದು, ಒಂದು ಸಾಲಿಗೆ ಒಂದು ವೇರಿಯಬಲ್ ಇರೋ ಶೀಟ್ ಇಟ್ಟು ಅದರಿಂದಲೇ ಲೇಬಲ್ ಹಾಕಿಸೋದು ಮತ್ತೊಂದು. ವರ್ಡ್ ಫೈಲು ಓದೋಕೆ ಚೆನ್ನಾಗಿದ್ರೂ ಡೇಟಾ ಬದಲಾದಾಗ ಹಳೇದಾಗೇ ಉಳಿಯುತ್ತೆ. ಒಳಗಿನ ಲೇಬಲ್ ಡೇಟಾ ಜೊತೆನೇ ಹೋಗುತ್ತೆ, ಕನ್ನಡದಲ್ಲೂ ಬರೀಬಹುದು, ಆದ್ರೆ ವೇರಿಯಬಲ್ ಲೇಬಲ್ಲಿಗೆ 80 ಅಕ್ಷರ ಮಾತ್ರ, ಮತ್ತೆ ಯಾರಾದ್ರೂ ಸಿಎಸ್‌ವಿ ಮಾಡಿದ ತಕ್ಷಣ ಅಷ್ಟೂ ಲೇಬಲ್ ಹೋಯ್ತು. ಶೀಟೇ ನನ್ನ ಆಯ್ಕೆ. ವಿಶ್ವ ಬ್ಯಾಂಕಿನ `iecodebook` ಅನ್ನೋ ಸ್ಟಾಟಾ ಕಮಾಂಡ್ ಇದನ್ನೇ ಮಾಡುತ್ತೆ, ಎಕ್ಸೆಲ್ ಟೆಂಪ್ಲೇಟ್ ತುಂಬಿಸಿದ್ರೆ ಹೆಸರು, ಲೇಬಲ್ ಎಲ್ಲಾ ಡೇಟಾಗೆ ಹಾಕಿಕೊಡುತ್ತೆ.

ಶೀಟಲ್ಲಿ ಹೆಸರು, ಪ್ರಶ್ನೆ ನಂಬರ್, ಮನೆಯಲ್ಲಿ ಕೇಳಿದ ಹಾಗೇ ಕನ್ನಡದ ಪ್ರಶ್ನೆ, ಅಳತೆ, ಕೋಡುಗಳು ಇವೆಲ್ಲಾ ಯಾರಾದ್ರೂ ಹಾಕ್ತಾರೆ. ನಾನು ಹಟ ಹಿಡಿಯೋದು ಎರಡು ಕಾಲಂಗೆ. ಈ ಪ್ರಶ್ನೆ ಯಾರಿಗೆ ಕೇಳಿದ್ದು ಅನ್ನೋದು ಒಂದು, ಉತ್ತರ ಇಲ್ಲದ ಕಡೆ ಏನಿದೆ ಅನ್ನೋದು ಇನ್ನೊಂದು. ಒಂದು ಲೆಕ್ಕ ಹಾಕಿ ನೋಡೋಣ. 500 ಮನೆ, ಅದರಲ್ಲಿ 300 ಮನೆಗೆ ಕುಡಿಯೋ ನೀರು ನಲ್ಲಿಯಿಂದ, ಶುಲ್ಕ ಕೇಳಿದ್ದು ಅವರಿಗೆ ಮಾತ್ರ. 285 ಮನೆ ಉತ್ತರ ಕೊಟ್ಟಿದ್ದಾರೆ, ಸರಾಸರಿ 80 ರೂಪಾಯಿ. 15 ಮನೆಯವರು ಗೊತ್ತಿಲ್ಲ ಅಂದ್ರು, ಅದಕ್ಕೆ 999 ಕೋಡ್. ಕೋಡ್‌ಬುಕ್ಕಲ್ಲಿ ಇದು ಬರೆದಿಲ್ಲ ಅಂದ್ರೆ 999ನ್ನೂ ರೂಪಾಯಿ ಅಂದ್ಕೊಂಡು ಸರಾಸರಿ ತೆಗೆದೋರಿಗೆ 126 ಬರುತ್ತೆ. ಇನ್ನೊಬ್ಬರು 999 ತೆಗೆದುಹಾಕಿ, ಖಾಲಿ ಇರೋ 200 ಮನೆ ದುಡ್ಡು ಕೊಟ್ಟಿಲ್ಲ ಅಂದ್ಕೊಂಡು ಸೊನ್ನೆ ತುಂಬಿಸ್ತಾರೆ, ಅವರಿಗೆ 47. ಒಂದೇ ಫೈಲು, ಮೂರು ಉತ್ತರ, ಮೂವರೂ ಲೆಕ್ಕ ಸರಿಯಾಗೇ ಮಾಡಿದ್ದಾರೆ. ಗೊತ್ತಿಲ್ಲ, ಹೇಳಲ್ಲ ಅಂದ್ರು, ಕೇಳಿಲ್ಲ ಈ ಮೂರನ್ನ ಬೇರೆ ಬೇರೆ ಇಡಲೇಬೇಕು ಅನ್ನೋದು ಇದಕ್ಕೇ.

ಹೇಗೆ ಇಡೋದು ಅನ್ನೋದರಲ್ಲೂ ಎರಡು ದಾರಿ. ಸ್ಟಾಟಾದಲ್ಲಿ ಮಿಸ್ಸಿಂಗಿಗೆ `.a`ಯಿಂದ `.z` ವರೆಗೆ ಅಕ್ಷರ ಸಿಗುತ್ತೆ:

```
replace wat_fee_30d = .d if wat_fee_30d == 999
replace wat_fee_30d = .n if wat_src_tap == 0
```

ಸರಾಸರಿ ತೆಗೆದಾಗ ಇವು ತಾವಾಗೇ ಹೊರಗುಳೀತವೆ, ಕಾರಣವೂ ಉಳಿಯುತ್ತೆ. ಆರ್‌ನಲ್ಲಿ `haven` ಪ್ಯಾಕೇಜಿಂದ ಓದಿದ್ರೂ `na_tag()` ಕೊಟ್ಟು ಆ ಅಕ್ಷರ ನೋಡಬಹುದು. ಒಂದು ಎಚ್ಚರಿಕೆ, ಸ್ಟಾಟಾ ಲೆಕ್ಕದಲ್ಲಿ ಮಿಸ್ಸಿಂಗ್ ಅಂದ್ರೆ ಯಾವ ಸಂಖ್ಯೆಗಿಂತಲೂ ದೊಡ್ಡದು, `if wat_fee_30d > 100` ಅಂದ್ರೆ ಉತ್ತರ ಇಲ್ಲದ ಮನೆಗಳೂ ಒಳಗೆ ಬರ್ತವೆ, `& !missing(wat_fee_30d)` ಸೇರಿಸಲೇಬೇಕು. ಸಿಎಸ್‌ವಿ ಕೊಡೋದಾದ್ರೆ ನಾನು -98, -99 ಥರ ಮೈನಸ್ ಕೋಡ್ ಇಡ್ತೀನಿ. ಶುಲ್ಕ, ವಯಸ್ಸು, ಲೀಟರ್ ಯಾವುದೂ ಮೈನಸ್ ಇರಲ್ಲ, ಹಾಗಾಗಿ ಕನಿಷ್ಠ ಬೆಲೆ ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತೆ. 99 ಅಂತ ಇಟ್ರೆ ವಯಸ್ಸಿನ ಕಾಲಂನಲ್ಲಿ ಅದು ನಿಜವಾದ ಅಜ್ಜಿಯೊಬ್ಬರ ವಯಸ್ಸೂ ಆಗಿರಬಹುದು.

ಮೂರನೇ ಪದ್ಧತಿಯ ಕಷ್ಟನೂ ಹೇಳ್ಬೇಕು. ಶುರುವಲ್ಲಿ ಕೂತು ವಿಭಾಗದ ಪಟ್ಟಿ ಮಾಡೋಕೆ ಟೈಮ್ ಬೇಕು, ನೀರಿಗೆ `wat`, ಮನೆಗೆ `hh`, ದನಕರುಗೆ `liv` ಅಂತ ಎಲ್ಲರೂ ಒಪ್ಪಬೇಕು, ಒಪ್ಪಿದ ಪಟ್ಟಿನ ಕೋಡ್‌ಬುಕ್ಕಿನ ಮೊದಲ ಶೀಟಲ್ಲೇ ಹಾಕಬೇಕು. ಮೂವತ್ತು ಪ್ರಶ್ನೆಯ, ಒಂದೇ ಸಲ ಮಾಡಿ ಮುಗಿಸೋ ಸರ್ವೆಗೆ ಇಷ್ಟೆಲ್ಲಾ ಬೇಡ, ಅಲ್ಲಿ ಪ್ರಶ್ನೆ ನಂಬರಿಟ್ಟು ಲೇಬಲ್ ಹಾಕಿ ಪ್ರಶ್ನಾವಳಿ ಪಿಡಿಎಫ್ ಜೊತೆಗಿಟ್ರೆ ಸಾಕು. ಇನ್ನೊಂದು ರೌಂಡ್ ಬರಬಹುದು ಅನ್ನೋ ಸಣ್ಣ ಸಾಧ್ಯತೆ ಇದ್ರೂ ಮೂರನೇದಕ್ಕೇ ಹೋಗಿ.

ಫೈಲ್ ಕಳಿಸೋ ಮುಂಚೆ ಡೇಟಾಗೂ ಕೋಡ್‌ಬುಕ್ಕಿಗೂ ತಾಳೆ ನೋಡೋಕೆ ಆರ್‌ನಲ್ಲಿ ಎರಡು ಸಾಲು ಸಾಕು, `d` ಅಂದ್ರೆ ಡೇಟಾ, `cb` ಅಂದ್ರೆ ಕೋಡ್‌ಬುಕ್ ಶೀಟ್:

```
setdiff(names(d), cb$var)
setdiff(cb$var, names(d))
```

ಮೊದಲ ಸಾಲು ಕೋಡ್‌ಬುಕ್ಕಲ್ಲಿ ಬರೆಯದ ಕಾಲಂ ತೋರಿಸುತ್ತೆ, ಸಾಮಾನ್ಯವಾಗಿ ಅನಲಿಸಿಸ್ ಮಾಡ್ತಾ ಮಾಡ್ತಾ ಹುಟ್ಟಿದ `temp2` ಥರದ್ದು, ಇಲ್ಲಾ ತೆಗೀಬೇಕಿದ್ದ ಫೋನ್ ನಂಬರಿನ ಕಾಲಂ. ಎರಡನೇದು ಕೋಡ್‌ಬುಕ್ಕಲ್ಲಿದ್ದು ಡೇಟಾದಲ್ಲಿ ಕಳೆದುಹೋಗಿರೋದನ್ನ ತೋರಿಸುತ್ತೆ. ಎರಡಕ್ಕೂ `character(0)` ಬಂದಮೇಲಷ್ಟೇ ನಾನು ಫೈಲ್ ಕಳಿಸೋದು.