ಓ ಪೇರ್, ವಾಲಂಟಿಯರ್, ಭಾಷಾ ಸಹಾಯಕಿ: ನಾನು ಕಂಡಿದ್ದು

ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನ ಇಂದಿರಾನಗರದ ಗೋಥೆ ಸಂಸ್ಥೆಯಲ್ಲಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಪರೀಕ್ಷೆ ಬರೆದಾಗ ನನಗೆ 25. ಅವ್ವ ಕೇಳಿದ್ದು ಒಂದೇ ಮಾತು: "ಮಂದಿ ಮಕ್ಕಳನ್ನ ನೋಡ್ಕೊಳ್ಳಾಕ ಜರ್ಮನಿಗೆ ಹೋಗ್ಬೇಕಾ?" ಆಗ ಉತ್ತರ ಇರಲಿಲ್ಲ. ಆಮೇಲೆ ಒಂದು ವರ್ಷ ಓ ಪೇರ್ ಆಗಿದ್ದೆ, ಅಂದರೆ ಒಂದು ಕುಟುಂಬದ ಮನೆಯಲ್ಲೇ ಇದ್ದು ಅವರ ಮಕ್ಕಳನ್ನ ನೋಡ್ಕೊಂಡೆ, ಇನ್ನೊಂದು ವರ್ಷ ಅಲ್ಲೇ ವೃದ್ಧಾಶ್ರಮದಲ್ಲಿ ವಾಲಂಟಿಯರ್ ಆಗಿದ್ದೆ. ಫ್ರಾನ್ಸಿನ ಭಾಷಾ ಸಹಾಯಕಿ ದಾರಿಯ ಬಾಗಿಲಿನವರೆಗೆ ಹೋಗಿ ವಾಪಸ್ ಬಂದೆ.

ಮೊದಲು ವಯಸ್ಸಿನ ವಿಷಯ, ಯಾಕೆಂದರೆ ಜಾಸ್ತಿ ಜನ ಎಡವೋದು ಇಲ್ಲೇ. ಜರ್ಮನಿಯ ಓ ಪೇರ್ ವೀಸಾಗೆ ಅರ್ಜಿ ಹಾಕುವ ದಿನ ನಿಮಗೆ 27 ತುಂಬಿರಬಾರದು. ಎ1 ಮಟ್ಟದ ಜರ್ಮನ್ ಬೇಕು. ಪ್ರಮಾಣಪತ್ರ ಇದ್ದರೂ ವೀಸಾ ಕೌಂಟರಿನಲ್ಲಿ ಜರ್ಮನ್‌ನಲ್ಲೇ ಪ್ರಶ್ನೆ ಬರಬಹುದು. ಒಟ್ಟು ಒಂದು ವರ್ಷ, ಅಷ್ಟೇ, ಮತ್ತೆ ಸಿಗಲ್ಲ. ಆದರೆ ಅಲ್ಲಿನ ಸರ್ಕಾರಿ ವಾಲಂಟಿಯರ್ ಯೋಜನೆಗೆ, ಎಲ್ಲರೂ ಬಿಎಫ್‌ಡಿ ಅಂತಾರೆ, 27ರ ಮಿತಿ ಇಲ್ಲ. ಹಾಗಾಗಿ ಎರಡೂ ಬೇಕು ಅನ್ನುವವರು ಓ ಪೇರ್ ಮೊದಲು ಮುಗಿಸಿಬಿಡಿ. ಉಲ್ಟಾ ಮಾಡಿದರೆ ವಯಸ್ಸು ಮೀರಿ ಓ ಪೇರ್ ಕೈತಪ್ಪಬಹುದು.

ಓ ಪೇರ್ ಅಂದರೆ ಆಳು ಅಲ್ಲ, ಆದರೆ ಆಳಾಗಿ ಜಾರೋದು ಬಹಳ ಸುಲಭ. ನಿಯಮ ವಾರಕ್ಕೆ 30 ಗಂಟೆ, ದಿನಕ್ಕೆ 6ಕ್ಕಿಂತ ಜಾಸ್ತಿ ಇಲ್ಲ, ವಾರಕ್ಕೆ ಒಂದೂವರೆ ದಿನ ರಜೆ. ತಿಂಗಳಿಗೆ 280 ಯೂರೋ ಕೈಖರ್ಚು, ಊಟ, ಸ್ವಂತ ಕೋಣೆ, ಭಾಷಾ ಕ್ಲಾಸಿಗೆ ಅವರಿಂದ ತಿಂಗಳಿಗೆ 70 ಯೂರೋ. ವಿಮೆಯೂ ಮನೆಯವರದ್ದೇ. ವಿಮಾನದ ಟಿಕೆಟ್ ಮಾತ್ರ ನಮ್ಮದು.

ನನ್ನ ಮನೆಯಲ್ಲಿ ಬೆಳಗ್ಗೆ 7ರಿಂದ 9, ಮಧ್ಯಾಹ್ನ 2ರಿಂದ 6. ದಿನಕ್ಕೆ ಆರು, ಐದು ದಿನಕ್ಕೆ ಮೂವತ್ತು, ಲೆಕ್ಕ ಸರಿ. ಎರಡನೇ ತಿಂಗಳಿಂದ ಶನಿವಾರ ಸಂಜೆ "ಸುಮ್ನೆ ಸ್ವಲ್ಪ ಹೊತ್ತು ಮಕ್ಕಳ ಜೊತೆ ಇರು" ಅಂತ ಶುರುವಾಯಿತು, ಆ ಸ್ವಲ್ಪ ಹೊತ್ತು ಅಂದರೆ ನಾಲ್ಕು ಗಂಟೆ. ಮಕ್ಕಳು ಮಲಗಿದ್ದರೂ ನಾನು ಮನೆ ಬಿಡುವಂತಿಲ್ಲ, ಹಾಗಾಗಿ ಅದೂ ಕೆಲಸವೇ. ಜಗಳ ಮಾಡಲಿಲ್ಲ. ಪುಟ್ಟ ನೋಟ್‌ಬುಕ್ಕಿನಲ್ಲಿ ದಿನಾ ಗಂಟೆ ಬರೆದಿಟ್ಟು ಮೂರು ವಾರ ಆದಮೇಲೆ ಊಟದ ಟೇಬಲ್ ಮೇಲೆ ಇಟ್ಟೆ: 34, 34, 35. ಆ ತಾಯಿ ಕೆಟ್ಟವಳಲ್ಲ, ಅವಳು ಎಣಿಸಿಯೇ ಇರಲಿಲ್ಲ. ಶನಿವಾರ ಬೇಕಾದರೆ ಶುಕ್ರವಾರದ ಮಧ್ಯಾಹ್ನ ನನ್ನದು ಅಂತಾಯಿತು. ಮನೆಯವರು ಒಪ್ಪದಿದ್ದರೆ ಬೇರೆ ಮನೆ ಹುಡುಕಬಹುದು, ಆದರೆ ವರ್ಷದ ಗಡಿಯಾರ ನಿಲ್ಲಲ್ಲ.

ಇದಕ್ಕೂ ಮೊದಲು ಇನ್ನೊಂದು ಮೋಸದಿಂದ ಸ್ವಲ್ಪದರಲ್ಲಿ ಪಾರಾಗಿದ್ದೆ. ಇಂಟರ್ನೆಟ್‌ನಲ್ಲಿ ಸಿಕ್ಕ "ಕುಟುಂಬ" ತಿಂಗಳಿಗೆ 900 ಯೂರೋ ಕೊಡ್ತೀವಿ ಅಂದಿತ್ತು, ವಿಡಿಯೋ ಕರೆಗೆ ಮಾತ್ರ ಯಾವಾಗಲೂ ನೆಪ, ಕೊನೆಗೆ ಅವರ "ವಕೀಲ"ರಿಗೆ ವೀಸಾ ದುಡ್ಡು ಕಳಿಸಿ ಅಂತ ಮೇಲ್. ನಿಜವಾದ ಮನೆಯವರು ನಿಮ್ಮಿಂದ ದುಡ್ಡು ಕೇಳಲ್ಲ. ವೀಸಾ ಶುಲ್ಕ ಅರ್ಜಿ ಹಾಕುವಾಗ ನೀವೇ ಕಟ್ಟೋದು, ವಕೀಲರ ಕೈಗಲ್ಲ.

ಬಿಎಫ್‌ಡಿ ಬೇರೆಯದೇ ಲೋಕ. ಪೂರ್ಣಾವಧಿ ಕೆಲಸ, ನನ್ನದು ವಾರಕ್ಕೆ 39 ಗಂಟೆ. ಆರೋಗ್ಯ ವಿಮೆ ಸೇರಿದಂತೆ ಸಾಮಾಜಿಕ ವಿಮೆ ಸಂಸ್ಥೆಯೇ ಕಟ್ಟುತ್ತದೆ, 27 ತುಂಬದವರಿಗೆ ವರ್ಷಕ್ಕೆ 25 ದಿನ ಸೆಮಿನಾರು. ಭಾಷೆ ನಿಜಕ್ಕೂ ಬೆಳೆದಿದ್ದು ಇಲ್ಲೇ, ಅಜ್ಜಿಯರು ನಿಧಾನಕ್ಕೆ ಮಾತಾಡ್ತಾರೆ, ಅದನ್ನೇ ಹತ್ತು ಸಲ ಹೇಳ್ತಾರೆ. ಆದರೆ ಎ1 ಹಿಡಿದು ಹೋದರೆ ಬಹಳ ಕಡೆ ತಗೊಳ್ಳಲ್ಲ, ನಾನು ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಮುಗಿಸಿದ್ದೆ. ಗುಂಡಿ ಇರೋದು ವಸತಿಯಲ್ಲಿ: ಕೆಲವು ಸಂಸ್ಥೆ ಕೋಣೆ ಕೊಡುತ್ತವೆ, ಕೆಲವು ಕೊಡಲ್ಲ, ಕೊಡದಿದ್ದರೆ ಕೈಗೆ ಬರುವ ದುಡ್ಡು ಬಾಡಿಗೆಗೇ ಹೋಗುತ್ತದೆ. ಕರಾರಿಗೆ ಸಹಿ ಹಾಕುವ ಮೊದಲು ಅದನ್ನೇ ಕೇಳಿ.

ಫ್ರಾನ್ಸ್? ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕಿ, ವಾರಕ್ಕೆ ಬರೀ 12 ಗಂಟೆ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಏಳು ತಿಂಗಳು. ಕೇಳೋಕೆ ಸ್ವರ್ಗ. ಆದರೆ ಫ್ರೆಂಚ್ ಬರಬೇಕು, ನನಗೆ ಬರ್ತಿದ್ದದ್ದು ಜರ್ಮನ್, ಅಲ್ಲಿಗೆ ಕತೆ ಮುಗೀತು. ಫ್ರೆಂಚ್ ಓದಿದ ರಾಯಚೂರಿನ ಗೆಳತಿ ಹೋದಳು. ಕೈಗೆ ಬಂದಿದ್ದು ತಿಂಗಳಿಗೆ ಸುಮಾರು 800 ಯೂರೋ, ಬಾಡಿಗೆ ಅದರಲ್ಲೇ. ಮೊದಲ ಸಂಬಳ ತಡವಾಯಿತು, ಅಪ್ಪ ಕಳಿಸಿದ ದುಡ್ಡಲ್ಲಿ ಎರಡು ತಿಂಗಳು ದೂಡಿದಳು. ಸಿಕ್ಕಿದ್ದು ಸಣ್ಣ ಊರು, ಸಂಜೆ ಏಳರ ಮೇಲೆ ಬಸ್ಸೇ ಇಲ್ಲ.

ಅವಳಿಗೆ ಓದಲು ಬೇಕಾದಷ್ಟು ಸಮಯ ಸಿಕ್ಕಿತು, ಮಾತಾಡಲು ಜನ ಕಡಿಮೆ. ನನಗೆ ಅದರ ಉಲ್ಟಾ. ನನ್ನನ್ನು ಕೇಳಿದರೆ ನಾನು ಮತ್ತೆ ಹೋಗೋದು ವೃದ್ಧಾಶ್ರಮಕ್ಕೇ.