ಕರಾವಳಿಯ ಫ್ಲ್ಯಾಟ್ ಮಾಲೀಕರೇ, ತುಕ್ಕು ಹಿಡಿದ ಪಿಲ್ಲರಿಗೆ ಬರೀ ತೇಪೆ ಹಾಕಿಸಬೇಡಿ

ಮಂಗಳೂರು, ಉಡುಪಿ, ಕಾರವಾರದ ಕಡೆ ಸಮುದ್ರಕ್ಕೆ ಹತ್ತಿರ ಫ್ಲ್ಯಾಟ್ ಇರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಪಿಲ್ಲರಿನ ಕಾಂಕ್ರೀಟ್ ಸೀಳಿ ಕಂಬಿ ಕಾಣಿಸಿದ ಕೂಡಲೇ ಯಾರೋ ಬಂದು "ಒಡೆದು, ಬ್ರಷ್ ಹೊಡೆದು, ಕೆಮಿಕಲ್ ಹಚ್ಚಿ ಪ್ಯಾಚ್ ಮಾಡ್ತೇವೆ" ಅನ್ನುತ್ತಾರೆ. ನಮ್ಮ ಕಟ್ಟಡದಲ್ಲಿ ಆಗಿದ್ದೂ ಅದೇ. ಉಳ್ಳಾಲದ ಕಡೆಯ ನಾಲ್ಕು ಅಂತಸ್ತಿನ ಹಳೇ ಅಪಾರ್ಟ್‌ಮೆಂಟ್ ನಮ್ಮದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ತೇಪೆಯ ಅಂಚಿನ ಆಚೆಗೆ ಹೊಸ ಬಿರುಕು ಬಂತು. ತೇಪೆ ಗಟ್ಟಿಯಾಗಿಯೇ ಇತ್ತು. ಅದರ ಮೇಲೆ, ಕೆಳಗೆ, ಒಂದು ಗೇಣು ದೂರದಲ್ಲಿ ಹಳೇ ಕಾಂಕ್ರೀಟಿನ ಮೇಲೆ ಕಂದು ಬಣ್ಣದ ಗೆರೆ ಇಳಿದಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು.

ಇದು ಕಳಪೆ ಸಿಮೆಂಟಿನ ದೋಷ ಅಲ್ಲ. ಉಪ್ಪು ಕುಡಿದ ಕಾಂಕ್ರೀಟಿನೊಳಗೆ ಕಂಬಿಯ ಒಂದು ಜಾಗ ತುಕ್ಕು ಹಿಡಿಯುತ್ತಿದ್ದರೆ, ಅದೇ ಕಂಬಿಯ ಪಕ್ಕದ ಭಾಗ ಸ್ವಲ್ಪ ಮಟ್ಟಿಗೆ ಬಚಾವಾಗಿರುತ್ತದೆ. ತುಕ್ಕು ಹಿಡಿಯುವ ಜಾಗ ತಾನು ಸವೆದು ಪಕ್ಕದ ಕಬ್ಬಿಣವನ್ನು ಕಾಯುತ್ತದೆ. ಆ ಜಾಗವನ್ನಷ್ಟೇ ಒಡೆದು ಉಪ್ಪಿಲ್ಲದ ಹೊಸ ಗಾರೆ ತುಂಬಿದರೆ ಕಾಯುವುದು ನಿಂತುಹೋಗುತ್ತದೆ. ಪಕ್ಕದ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಇದೆ. ಈಗ ಸವೆಯುವ ಸರದಿ ಅಲ್ಲಿನ ಕಂಬಿಯದ್ದು, ಅದೂ ಮೊದಲಿಗಿಂತ ಬೇಗ.

ನಮ್ಮಲ್ಲಿ ಟೆಸ್ಟ್ ಆಗಿರಲಿಲ್ಲ ಅಂತಲ್ಲ. ಮೊದಲು ಬಂದವರು ಹಾಫ್ ಸೆಲ್ ಟೆಸ್ಟ್ ಮಾಡಿ ವರದಿ ಕೊಟ್ಟಿದ್ದರು. ಆ ವರದಿ ಹೇಗೆ ಕೆಟ್ಟಿತ್ತು ಅನ್ನುವುದನ್ನು ನೀವು ತಿಳಿಯಲೇಬೇಕು.

ಹಾಫ್ ಸೆಲ್ ಅಂದರೆ ಒಂದು ಪ್ಲಾಸ್ಟಿಕ್ ಕೊಳವೆ. ಒಳಗೆ ತಾಮ್ರದ ಕಡ್ಡಿ ಮತ್ತು ಮೈಲುತುತ್ತದ ದ್ರಾವಣ, ನಾವು ಅಡಿಕೆಗೆ ಹೊಡೆಯುವ ಬೋರ್ಡೋಗೆ ಹಾಕುವ ಅದೇ ಮೈಲುತುತ್ತ. ವೋಲ್ಟ್ ಮೀಟರಿನ ಒಂದು ವೈರನ್ನು ಕಂಬಿಗೆ ಕಟ್ಟುತ್ತಾರೆ. ಇನ್ನೊಂದು ವೈರು ಈ ಕೊಳವೆಗೆ. ಕಾಂಕ್ರೀಟಿನ ಮೇಲೆ ಚೌಕ ಗೆರೆ ಎಳೆದು, ಒಂದೊಂದು ಬಿಂದುವಿಗೂ ಕೊಳವೆಯ ತುದಿ ಒತ್ತಿ ಮಿಲಿವೋಲ್ಟ್ ಬರೆದುಕೊಳ್ಳುತ್ತಾರೆ. ಸಾಮಾನ್ಯ ಲೆಕ್ಕ ಹೀಗಿದೆ: ಮೈನಸ್ 200ಕ್ಕಿಂತ ಕಡಿಮೆ ಋಣವಾಗಿದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆ 90% ಮೇಲೆ. ಮೈನಸ್ 350 ದಾಟಿ ಇನ್ನೂ ಋಣಕ್ಕೆ ಹೋದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ 90% ಮೇಲೆ. ನಡುವಿನದ್ದು ಹೇಳಲಾಗದ್ದು.

ಮೊದಲಿನವರು ಪೇಂಟ್ ಕೆರೆಯಲೇ ಇಲ್ಲ. ಬೇಸಿಗೆಯಲ್ಲಿ ಒಣ ಕಾಂಕ್ರೀಟಿನ ಮೇಲೆ, ನೀರು ಹಾಕಿ ನೆನೆಸದೆ ಒತ್ತಿದರು. ವೈರು ಕಟ್ಟಿದ್ದು ಒಂದೇ ಪಿಲ್ಲರಿನ ಕಂಬಿಗೆ. ಉಳಿದ ಪಿಲ್ಲರುಗಳ ಕಂಬಿಗೂ ಅದಕ್ಕೂ ಸಂಪರ್ಕ ಇದೆಯೇ ಅಂತ ಮೀಟರಿನಲ್ಲಿ ನೋಡಲಿಲ್ಲ. ಸಂಪರ್ಕ ಇಲ್ಲದಿದ್ದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಕೊನೆಗೆ ಇಡೀ ಕಟ್ಟಡಕ್ಕೆ "ಸರಾಸರಿ ಮೈನಸ್ 240, ಸಾಧಾರಣ" ಅಂತ ಒಂದೇ ಸಾಲು. ಈ ಟೆಸ್ಟಿನಲ್ಲಿ ಸರಾಸರಿ ತೆಗೆಯುವುದು ತಪ್ಪು. ಎಲ್ಲಿಂದ ಎಲ್ಲಿಗೆ ಸಂಖ್ಯೆ ಜಾರುತ್ತದೆ ಅನ್ನುವುದೇ ಇದರ ಜೀವ. ಉಪ್ಪಿನ ಟೆಸ್ಟ್ ಮಾಡಲೇ ಇಲ್ಲ.

ಎರಡನೇ ಬಾರಿ ಬಂದ ಎಂಜಿನಿಯರ್ ಪೇಂಟ್ ತೆಗೆಸಿ, ಮೇಲ್ಮೈ ನೆನೆಸಿ, ಮೀಟರಿನ ಅಂಕಿ ಒಂದೆಡೆ ನಿಲ್ಲುವವರೆಗೆ ಕಾದು, ಪ್ರತಿ ಪಿಲ್ಲರನ್ನೂ ಬೇರೆಬೇರೆಯಾಗಿ ಅಳೆದರು. ಸಮುದ್ರದ ಕಡೆಯ ಒಂದು ಪಿಲ್ಲರಿನಲ್ಲಿ ತೇಪೆಯಿಂದ ದೂರ ಮೈನಸ್ 210, ಹತ್ತಿರ ಬಂದಂತೆ 320, ಅಂಚಿನ ಪಕ್ಕದಲ್ಲಿ 440. ತೇಪೆಯ ಮೇಲೆ ಅವರು ಓದಲಿಲ್ಲ. ಪಾಲಿಮರ್ ಗಾರೆಯ ಮೇಲೆ ಬರುವ ಅಂಕಿಯನ್ನು ನಂಬುವ ಹಾಗಿಲ್ಲ ಅಂದರು.

ಇನ್ನೊಂದು ಮಾತು. ಸಂಪಿನ ಪಕ್ಕದ ಪಿಲ್ಲರಿನ ಬುಡದಲ್ಲಿ ಮೈನಸ್ 520 ಬಂತು. ಎಲ್ಲರೂ ಹೆದರಿದೆವು. ಒಡೆದು ನೋಡಿದರೆ ಕಂಬಿ ಸರಿಯಾಗಿಯೇ ಇತ್ತು. ಅಲ್ಲಿ ಕಾಂಕ್ರೀಟ್ ಸದಾ ನೀರು ಕುಡಿದು ಗಾಳಿಯೇ ಹೋಗದಂತಿದೆ. ಆಮ್ಲಜನಕ ಇಲ್ಲದಿದ್ದರೆ ಅಂಕಿ ಕೆಳಗಿಳಿದರೂ ತುಕ್ಕು ಅಷ್ಟಾಗಿ ನಡೆಯುವುದಿಲ್ಲ. ಹಾಗಾಗಿ ಕೆಲವು ಕಡೆಯಾದರೂ ಒಡೆದು ತಾಳೆ ನೋಡದ ವರದಿಯನ್ನು ಒಪ್ಪಬೇಡಿ. ತುಕ್ಕು ಎಷ್ಟು ವೇಗದಲ್ಲಿ ನಡೆದಿದೆ ಅನ್ನುವುದನ್ನೂ ಈ ಟೆಸ್ಟ್ ಹೇಳುವುದಿಲ್ಲ.

ಉಪ್ಪಿನ ಅಂದರೆ ಕ್ಲೋರೈಡ್ ಟೆಸ್ಟಿಗೆ ಡ್ರಿಲ್ ಮಾಡಿ ಪುಡಿ ತೆಗೆಯುತ್ತಾರೆ. ಪ್ರತಿ 10 ಮಿ.ಮೀ. ಆಳದ ಪುಡಿ ಬೇರೆಬೇರೆ ಚೀಟಿ ಅಂಟಿಸಿದ ಲಕೋಟೆಗೆ ಹೋಗಬೇಕು. ಎಲ್ಲ ಒಂದೇ ಲಕೋಟೆಗೆ ಸುರಿದರೆ ಟೆಸ್ಟ್ ದಂಡ. ಸಮುದ್ರದ ಕಡೆಯ ಆ ಪಿಲ್ಲರಿನ ಫಲಿತಾಂಶ, ಕಾಂಕ್ರೀಟಿನ ತೂಕದ ಲೆಕ್ಕದಲ್ಲಿ: 10–20 ಮಿ.ಮೀ.ನಲ್ಲಿ 0.14%, 20–30ರಲ್ಲಿ 0.11%, 30–40ರಲ್ಲಿ 0.08%, 40–50ರಲ್ಲಿ 0.04%. ಸಾಮಾನ್ಯವಾಗಿ ಸಿಮೆಂಟಿನ ತೂಕದ 0.4% ದಾಟಿದರೆ ಅಪಾಯ ಅಂತ ಹಿಡಿಯುತ್ತಾರೆ. ಒಂದು ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್, ಕಾಂಕ್ರೀಟಿನ ತೂಕ 2400 ಕೆ.ಜಿ. ಅಂತ ಇಟ್ಟುಕೊಂಡರೆ ಅದು ಕಾಂಕ್ರೀಟಿನ ಸುಮಾರು 0.058%. ನಮ್ಮ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ, ಅಂದರೆ ಕವರ್, ಬರೀ 25 ಮಿ.ಮೀ. ಆ ಆಳದಲ್ಲಿ ಉಪ್ಪು ಮಿತಿಯ ಹತ್ತಿರ ಹತ್ತಿರ ಎರಡರಷ್ಟು! ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ IS 456ರ ಪ್ರಕಾರ ತೀವ್ರ ಪರಿಸರಕ್ಕೆ ಕವರ್ 45 ಮಿ.ಮೀ. ಇರಬೇಕು.

ಒಳಗೆ ಹೋದಂತೆ ಉಪ್ಪು ಕಡಿಮೆಯಾಗಿದೆ ಅಂದರೆ ಅದು ಕಡಲ ಗಾಳಿಯಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ಸಮ ಇದ್ದರೆ ಕಟ್ಟುವಾಗಲೇ ಉಪ್ಪು ಮರಳೋ ಉಪ್ಪು ನೀರೋ ಸೇರಿತ್ತು ಅಂತ ಅನುಮಾನ ಪಡಬೇಕು. ಆಗ ಹೊರಗಿನ ಕೋಟಿಂಗ್‌ನಿಂದ ಹೆಚ್ಚು ಪ್ರಯೋಜನ ಇಲ್ಲ, ಮತ್ತು ತೊಂದರೆ ಸಮುದ್ರದ ಕಡೆಗಷ್ಟೇ ಸೀಮಿತ ಅಲ್ಲ. ನಮ್ಮ ಪುಣ್ಯ, ಪೂರ್ವದ ಪಿಲ್ಲರುಗಳಲ್ಲಿ ಕಂಬಿಯ ಆಳದಲ್ಲಿ 0.03% ಮಾತ್ರ ಇತ್ತು. ಅವಕ್ಕೆ ಕೋಟಿಂಗ್ ಸಾಕಾಯಿತು.

ಪಶ್ಚಿಮದ ಪಿಲ್ಲರುಗಳಿಗೆ ಮೊದಲು ಜಾಕಿ ಕೊಟ್ಟು ಭಾರ ಹಿಡಿದರು. ಬಿರುಕು ಕಂಡಷ್ಟೇ ಅಲ್ಲ, ನಕ್ಷೆಯಲ್ಲಿ ಮೈನಸ್ 350 ದಾಟಿದ ಭಾಗ ಪೂರ್ತಿ ಒಡೆದರು. ಕಂಬಿಯ ಹಿಂದೆಯೂ ಬೆರಳು ಹೋಗುವಷ್ಟು, ಸುಮಾರು 25 ಮಿ.ಮೀ., ಕಾಂಕ್ರೀಟ್ ತೆಗೆದರು. ಮೊದಲಿನ ತೇಪೆಯವರು ಕಂಬಿಯ ಮುಂಭಾಗ ಮಾತ್ರ ಬಿಡಿಸಿದ್ದರು. ತಂತಿ ಬ್ರಷ್ ಸಾಲದು. ಕಂಬಿಯ ಗುಳಿಗಳಲ್ಲಿ ಉಪ್ಪು ಉಳಿಯುತ್ತದೆ. ಬ್ರಷ್ ಹೊಡೆದ ಕಂಬಿಯನ್ನು ಮರುದಿನ ಬೆಳಿಗ್ಗೆ ನೋಡಿ. ಕಪ್ಪಗೆ, ಒದ್ದೆಯಾದ ಚುಕ್ಕೆಗಳಿದ್ದರೆ ಉಪ್ಪು ಹೋಗಿಲ್ಲ ಅಂತಲೇ ಲೆಕ್ಕ. ನಮ್ಮಲ್ಲಿ ಆಮೇಲೆ ಜೋರು ನೀರಿನಲ್ಲಿ ತೊಳೆದು ಬ್ಲಾಸ್ಟಿಂಗ್ ಮಾಡಿಸಿದರು.

ನಂತರ ವರ್ನಿಯರ್ ಹಿಡಿದು ಅಳತೆ. 16 ಮಿ.ಮೀ. ಕಂಬಿ ಒಂದು ಕಡೆ 13.5ಕ್ಕೆ ಬಂದಿತ್ತು. ಕೇಳಲು ಸಣ್ಣದು, ಆದರೆ ಅಡ್ಡಕೊಯ್ತದ ಲೆಕ್ಕದಲ್ಲಿ 29% ಕಬ್ಬಿಣ ಹೋಗಿದೆ. ಅಲ್ಲಿ ಹೊಸ ಕಂಬಿ ಸೇರಿಸಿದರು, ತುಂಡಾಗಿದ್ದ ರಿಂಗುಗಳನ್ನೂ ಬದಲಿಸಿದರು. ತೇಪೆಯ ಅಂಚಿನ ಒಳಗೆ ಕಂಬಿಗೆ ಸತುವಿನ ಆನೋಡ್ ಕಟ್ಟಿದರು. ಮೊದಲು ತುಕ್ಕು ಹಿಡಿದ ಕಬ್ಬಿಣ ಮಾಡುತ್ತಿದ್ದ ಕಾಯುವ ಕೆಲಸವನ್ನು ಈಗ ಸತು ತಾನು ಸವೆದು ಮಾಡುತ್ತದೆ. ಆನೋಡ್ ಹಾಕುವಲ್ಲಿ ವಿದ್ಯುತ್ತು ಹರಿಯಲು ಬಿಡದ ಎಪಾಕ್ಸಿ ಗಾರೆ ಬಳಸಬಾರದು, ಬಳಸಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಸತು ಸವೆದು ಮುಗಿಯುವಂಥದ್ದು, ಹಾಗಾಗಿ ಎಷ್ಟು ವರ್ಷಕ್ಕೆ ಲೆಕ್ಕ ಹಾಕಿದ್ದಾರೆ ಅಂತ ಬರೆಸಿಕೊಳ್ಳಿ.

ಕೊಟೇಶನ್ ಕೇಳುವಾಗ ಬರೀ "ಚದರ ಅಡಿಗೆ ಇಷ್ಟು" ಅನ್ನುವ ದರ ಒಪ್ಪಬೇಡಿ. ಪಿಲ್ಲರ್ ಪಿಲ್ಲರಿನ ಹಾಫ್ ಸೆಲ್ ನಕ್ಷೆ, ಆಳವಾರು ಉಪ್ಪಿನ ಫಲಿತಾಂಶ, ಕವರ್ ಅಳತೆ ಕೈಗೆ ಬಂದ ಮೇಲೆ ಎಲ್ಲಿಯವರೆಗೆ ಒಡೆಯಬೇಕು ಅಂತ ಗುರುತು ಹಾಕಿಸಿ, ಆಮೇಲೆ ದರ ಮಾತಾಡಿ. ಕಂಬಿಗೆ ಕಟ್ಟಿದ ಒಂದು ವೈರನ್ನು ಗೋಡೆಯ ಮೇಲಿನ ಚಿಕ್ಕ ಡಬ್ಬಿಗೆ ತಂದು ಬಿಡಲು ಹೇಳಿ. ನಾವು ಹಾಗೆ ಮಾಡಿಸಿದ್ದೇವೆ. ವರ್ಷಕ್ಕೊಮ್ಮೆ ಅದೇ ಬಿಂದುಗಳಲ್ಲಿ ಓದಿಸುತ್ತೇವೆ, ಒಡೆಯುವ ಗೋಜಿಲ್ಲ.